ಎರಕದ ಸ್ಪರ್ಧೆಗೆ ತೀರ್ಪುಗಾರರಾಗಿ ಬರಲು ಆಮಂತ್ರಣ

ಮೆಕ್ಯಾನಿಕಲ್ ವಿದ್ಯಾರ್ಥಿ ಸಂಘ
ಎಂಜಿನಿಯರಿಂಗ್ ಕಾಲೇಜು, ಬೆಳಗಾವಿ
ದಿನಾಂಕ: 16 ಫೆಬ್ರುವರಿ 2026

ಗೆ,
ಫೌಂಡ್ರಿ ಮ್ಯಾನೇಜರ್ ಅವರಿಗೆ
ಉದ್ಯಮಬಾಗ್, ಬೆಳಗಾವಿ

ವಿಷಯ: ಮಾರ್ಚ್ 14ರ ಅಂತರ ಕಾಲೇಜು ಎರಕದ ಸ್ಪರ್ಧೆಗೆ ತೀರ್ಪುಗಾರರಾಗಿ ಬರುವಂತೆ ಕೋರಿಕೆ

ಮಾನ್ಯ ಸರ್,

ನಮಸ್ಕಾರ. ಅಕ್ಟೋಬರ್‌ನಲ್ಲಿ ನಿಮ್ಮ ಫೌಂಡ್ರಿ ನೋಡಲು ಬಂದಿದ್ದ ಐದನೇ ಸೆಮಿಸ್ಟರ್ ಹುಡುಗರು ನಾವು. ಈಗ ಆರನೇ ಸೆಮಿಸ್ಟರ್‌ನಲ್ಲಿದ್ದೇವೆ. ಅವತ್ತು ನೀವು ಒಂದು ಹಿಡಿ ಮರಳನ್ನು ಮುಷ್ಟಿಯಲ್ಲಿ ಒತ್ತಿ, ಬೆರಳಿನ ಗುರುತು ತೋರಿಸಿ, ಆಮೇಲೆ ಅದನ್ನು ಎರಡು ತುಂಡು ಮಾಡಿದಿರಿ. ತುಂಡಾದ ಅಂಚು ಪುಡಿ ಉದುರದೆ ಚೊಕ್ಕವಾಗಿತ್ತು. "ನೀರು ಇಷ್ಟೇ ಇರಬೇಕು" ಅಂದಿರಿ. ಬೆಂಟೊನೈಟ್ ಎಷ್ಟು, ತೇವಾಂಶ ಎಷ್ಟು ಎಂದು ನಾವು ಪುಸ್ತಕದಲ್ಲಿ ಓದಿದ್ದೆವು. ಆದರೆ ಅದು ಕೈಗೆ ಹೇಗಿರುತ್ತದೆ ಅಂತ ಗೊತ್ತಾಗಿದ್ದು ಅವತ್ತೇ.

ಅದೇ ನೆನಪಿನಲ್ಲಿ ಈ ಪತ್ರ ಬರೆಯುತ್ತಿದ್ದೇವೆ. ಮಾರ್ಚ್ 14, ಶನಿವಾರ ನಮ್ಮ ಸಂಘದ ಅಂತರ ಕಾಲೇಜು ತಾಂತ್ರಿಕ ಫೆಸ್ಟ್ ಇದೆ. ಅದರಲ್ಲಿ ಎರಕದ ಸ್ಪರ್ಧೆಗೆ ನೀವು ತೀರ್ಪುಗಾರರಾಗಿ ಬರಬೇಕು ಎಂಬುದು ನಮ್ಮೆಲ್ಲರ ಆಸೆ. ಹುಬ್ಬಳ್ಳಿ, ಧಾರವಾಡ, ಬಾಗಲಕೋಟೆ, ವಿಜಯಪುರದ ತಂಡಗಳೂ ಬರುತ್ತಿವೆ. ಒಟ್ಟು 14 ತಂಡ, ತಂಡಕ್ಕೆ ಮೂವರು.

ಸ್ಪರ್ಧೆ ಹೀಗಿದೆ. ಎಲ್ಲ ತಂಡಕ್ಕೂ ಒಂದೇ ಅಳತೆಯ ಮರದ ಪ್ಯಾಟರ್ನ್ ಕೊಡುತ್ತೇವೆ. ಅದೊಂದು ಸಣ್ಣ ಬ್ರ್ಯಾಕೆಟ್. ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು. ಬೇಕಂತಲೇ ಹಾಗೆ ಮಾಡಿಸಿದ್ದೇವೆ, ಯಾಕೆಂದರೆ ರೈಸರ್ ಎಲ್ಲಿಡಬೇಕು ಅಂತ ಯೋಚಿಸದೆ ವಿಧಿ ಇಲ್ಲ. ಒಂದೂವರೆ ಗಂಟೆಯಲ್ಲಿ ಮರಳು ಹದ ಮಾಡಿ ಮೋಲ್ಡ್ ಕಟ್ಟಬೇಕು. ಕರಗಿಸಿದ ಅಲ್ಯೂಮಿನಿಯಂ ಸುರಿಯುವುದು ಮಾತ್ರ ನಮ್ಮ ಲ್ಯಾಬ್ ಸಿಬ್ಬಂದಿ. ಏಪ್ರನ್, ಕೈಗವಸು, ಫೇಸ್ ಶೀಲ್ಡ್ ಎಲ್ಲ ಇದೆ. ಆ ಹೊತ್ತಿನಲ್ಲಿ ಹುಡುಗರು ಹಳದಿ ಗೆರೆಯ ಆಚೆ ನಿಂತಿರುತ್ತಾರೆ. ತಣ್ಣಗಾದ ಮೇಲೆ ಮೋಲ್ಡ್ ಒಡೆದು, ಎರಕವನ್ನು ನಿಮ್ಮ ಮುಂದೆಯೇ ದಪ್ಪ ಇರುವ ಕಡೆ ಗರಗಸದಿಂದ ಸೀಳುತ್ತೇವೆ. ಬ್ಲೋ ಹೋಲ್ ಆಗಿದೆಯೋ, ಶ್ರಿಂಕೇಜ್ ಆಗಿದೆಯೋ ಕಣ್ಣಿಗೇ ಕಾಣುತ್ತದೆ.

ಅಂಕ ಒಟ್ಟು 100. ಮೋಲ್ಡ್‌ಗೆ 30, ಎರಕಕ್ಕೆ 40, ರನ್ನರ್, ರೈಸರ್‌ಗೆ ಎಷ್ಟು ಲೋಹ ಹೋಯಿತು ಎಂಬುದಕ್ಕೆ 10, ನಿಮ್ಮ ಪ್ರಶ್ನೆಗಳಿಗೆ ಕೊಡುವ ಉತ್ತರಕ್ಕೆ 20. ಇದು ನಮ್ಮ ಲೆಕ್ಕ. ಕೆಲಸದ ಕಣ್ಣಿನಿಂದ ನೋಡಿದಾಗ ಬದಲಿಸಬೇಕು ಅನ್ನಿಸಿದರೆ ಮೊದಲೇ ಹೇಳಿ, ಖಂಡಿತ ಬದಲಿಸುತ್ತೇವೆ. ತಂಡಗಳಿಗೆ ಬರೀ ನಂಬರ್ ಇರುತ್ತದೆ, ಕಾಲೇಜಿನ ಹೆಸರು ಇರುವುದಿಲ್ಲ.

ನಿಮ್ಮಿಂದ ಮುಖ್ಯವಾಗಿ ಕೇಳುವುದು ಅಂಕ ಅಲ್ಲ ಸರ್. ಹೋದ ವರ್ಷ ನಾವು ಬೇರೆ ಊರಿನ ಒಂದು ಫೆಸ್ಟ್‌ಗೆ ಹೋಗಿದ್ದೆವು. ನಮ್ಮ ಎರಕದ ಮೇಲೆಲ್ಲ ಗುಳಿ ಬಿದ್ದಿತ್ತು. 100ಕ್ಕೆ 41 ಅಂತ ಚೀಟಿ ಕೈಗೆ ಬಂತು, ಅಷ್ಟೇ. ಯಾಕೆ ಅಂತ ಯಾರೂ ಹೇಳಲಿಲ್ಲ. ಮರಳಿಗೆ ನೀರು ಜಾಸ್ತಿ ಆಗಿತ್ತು, ಆವಿ ಹೊರಗೆ ಹೋಗಲು ವೆಂಟ್ ಚುಚ್ಚಿರಲಿಲ್ಲ ಎಂಬುದು ನಮಗೆ ತಿಂಗಳುಗಟ್ಟಲೆ ಆದ ಮೇಲೆ ನಿಮ್ಮ ಶಾಪ್‌ನಲ್ಲಿ ತಿಳಿಯಿತು. ನಮ್ಮಲ್ಲಿಗೆ ಬರುವ ಹುಡುಗರು ಹಾಗೆ ವಾಪಸ್ ಹೋಗಬಾರದು. ಅದಕ್ಕೇ ಸಂಜೆ 4ರಿಂದ ಒಂದು ಗಂಟೆ ಬೇರೆ ಯಾವ ಕಾರ್ಯಕ್ರಮವನ್ನೂ ಇಟ್ಟಿಲ್ಲ. ಸೀಳಿದ 14 ಎರಕಗಳನ್ನೂ ಮೇಜಿನ ಮೇಲೆ ಸಾಲಾಗಿ ಇಡುತ್ತೇವೆ. ಒಂದೊಂದನ್ನೂ ಕೈಗೆತ್ತಿಕೊಂಡು ಎಲ್ಲಿ ತಪ್ಪಾಯಿತು, ಯಾವುದು ಚೆನ್ನಾಗಿದೆ ಅಂತ ನಾಲ್ಕು ಮಾತು ಹೇಳಿದರೆ ಸಾಕು. ಕನ್ನಡ, ಮರಾಠಿ ಯಾವುದಾದರೂ ಸರಿ, ನೀವು ಶಾಪ್‌ನಲ್ಲಿ ಮಾತಾಡುವ ಹಾಗೆಯೇ. ಭಾಷಣ ಬೇಡ.

ಅವತ್ತು ಬೆಳಿಗ್ಗೆ 9ಕ್ಕೆ ಉದ್ಯಮಬಾಗ್‌ಗೆ ಕಾರು ಕಳಿಸುತ್ತೇವೆ. 10ಕ್ಕೆ ಮೋಲ್ಡ್ ಕೆಲಸ ಶುರು, ಮಧ್ಯಾಹ್ನ 2:30ಕ್ಕೆ ಮೋಲ್ಡ್ ಒಡೆಯುವುದು, 5ಕ್ಕೆ ಬಹುಮಾನ. ಸಂಜೆ 6ರೊಳಗೆ ಮನೆ ಮುಟ್ಟಿಸುವ ಜವಾಬ್ದಾರಿ ನಮ್ಮದು. ಮಧ್ಯಾಹ್ನದ ಊಟ ಹಾಸ್ಟೆಲ್‌ನಲ್ಲಿ: ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ. ಗೌರವಧನವಾಗಿ 2,000 ರೂಪಾಯಿ ಕೊಡಲು ಸಂಘ ತೀರ್ಮಾನಿಸಿದೆ. ಒಂದು ದಿನದ ನಿಮ್ಮ ಕೆಲಸಕ್ಕೆ ಅದು ಸಮ ಅಲ್ಲ, ಗೊತ್ತು. ದಯವಿಟ್ಟು ಸ್ವೀಕರಿಸಬೇಕು.

ಶನಿವಾರ ನಿಮಗೆ ಕೆಲಸದ ದಿನ. ಕಂಪನಿಯಿಂದ ಅನುಮತಿಗೆ ಪತ್ರ ಬೇಕಾದರೆ ನಮ್ಮ ಪ್ರಿನ್ಸಿಪಾಲರು ಸಹಿ ಮಾಡಿ ಕೊಡುತ್ತಾರೆ. ನಿಮ್ಮ ಪ್ಯಾಟರ್ನ್ ಶಾಪ್‌ನ ಹಿರಿಯ ಮಿಸ್ತ್ರಿಯವರನ್ನೂ ಜೊತೆಗೆ ಕರೆತಂದರೆ ನಮಗೆ ಇನ್ನೂ ಖುಷಿ. ಅವತ್ತು ಡ್ರಾಫ್ಟ್ ಕೊಡುವುದನ್ನು ಹೇಳಿಕೊಟ್ಟಿದ್ದು ಅವರೇ ಅಲ್ವಾ?

ಫೆಬ್ರುವರಿ 28ರೊಳಗೆ ನಿಮ್ಮ ಒಪ್ಪಿಗೆ ತಿಳಿಸಿದರೆ ಆಮಂತ್ರಣ ಪತ್ರಿಕೆಯಲ್ಲಿ ಹೆಸರು ಹಾಕಿಸುತ್ತೇವೆ. ಈ ಪತ್ರ ತಂದಿರುವ ಹುಡುಗರ ಹತ್ತಿರ ಹೇಳಿ ಕಳಿಸಿದರೂ ಆಯಿತು. ಪ್ಯಾಟರ್ನ್‌ನ ಡ್ರಾಯಿಂಗ್ ಮತ್ತು ಅಂಕದ ಹಾಳೆ ಇದರ ಜೊತೆಗಿವೆ.

ನಿಮ್ಮ ದಾರಿ ಕಾಯುತ್ತಿರುತ್ತೇವೆ.

ಇಂತಿ ನಿಮ್ಮ ವಿಶ್ವಾಸಿ,
ಸವಿತಾ
ಕಾರ್ಯದರ್ಶಿ, ಮೆಕ್ಯಾನಿಕಲ್ ವಿದ್ಯಾರ್ಥಿ ಸಂಘ