ಚಿಲಿಪಿಲಿಗೆ, ಅವಳದೇ ನಾಲ್ಕು ಅಕ್ಷರಗಳಲ್ಲಿ

ಚಿಟಿಕೆ ಹೊಡೆಯುವಷ್ಟರಲ್ಲಿ ಒಂದು ಕಥೆಯನ್ನು ಮುಗಿಸಿ,
ಕೇಳಿದವರು ನಕ್ಕು ಸುಧಾರಿಸಿಕೊಳ್ಳುವ ಮೊದಲೇ ಇನ್ನೊಂದನ್ನು ಆರಂಭಿಸಿ,
ನಡುವೆ ಉಸಿರಿಗೂ ಬಿಡುವು ಕೊಡದ ನಿನಗೆ
ತಾಲೀಮಿನ ಗೆಳೆಯರೆಲ್ಲ ಸೇರಿ ಚಿಲಿಪಿಲಿ ಎಂದು ಹೆಸರಿಟ್ಟರು.
ಅವರು ಹಾಗೆ ಕರೆಯುವುದು ಕೀಟಲೆಗೆ;
ನಾನು ಕರೆಯುವುದು, ಆ ನಾಲ್ಕು ಅಕ್ಷರಗಳು ನಾಲಿಗೆಯ ಮೇಲಿರುವಷ್ಟು ಹೊತ್ತು
ನೀನು ನನ್ನ ಕಡೆಗೇ ತಿರುಗಿ ನೋಡುತ್ತೀ ಎಂಬ ಆಸೆಗೆ.

ಲಿಪಿಯೂ ನಿನ್ನ ಕೈಗೆ ಸಿಕ್ಕರೆ ಸುಮ್ಮನೆ ಕೂರುವುದಿಲ್ಲ.
ನಾಟಕದ ಪ್ರತಿಯ ಅಂಚಿನಲ್ಲಿ ನೀನು ಪೆನ್ಸಿಲಿನಿಂದ ಬರೆದ ಸೂಚನೆಗಳಲ್ಲಿ
ತಲಕಟ್ಟುಗಳೆಲ್ಲ ಬಲಕ್ಕೆ ವಾಲುತ್ತವೆ,
ಕೊಂಬುಗಳು ಪಕ್ಕದ ಅಕ್ಷರದ ಹೆಗಲಿಗೆ ಕೈ ಹಾಕುತ್ತವೆ,
ಒತ್ತಕ್ಷರಗಳು ಕೆಳಗಿನ ಸಾಲಿಗೆ ಇಳಿದು ಅಲ್ಲಿಯ ಸುದ್ದಿ ವಿಚಾರಿಸುತ್ತವೆ.
‘ಇಲ್ಲಿ ನಿಲ್ಲು, ನಗಬೇಡ’ ಎಂದು ನನ್ನ ಮಾತಿನ ಪಕ್ಕದಲ್ಲಿ ಬರೆದು,
‘ನಗಬೇಡ’ದ ಕೆಳಗೆ ಎರಡು ಗೆರೆ ಎಳೆದು,
ಅದರ ಬದಿಯಲ್ಲೇ ನಗುವ ಮುಖವೊಂದನ್ನು ಬಿಡಿಸಿದವಳು ನೀನು.
ನೀನೇ ಹೇಳು, ಇವುಗಳಲ್ಲಿ ಯಾವ ಅಪ್ಪಣೆಯನ್ನು ನಾನು ಪಾಲಿಸಬೇಕು?

ಪಿಸುದನಿಯಲ್ಲಷ್ಟೇ ಮಾತಾಡಬೇಕಾದ ಕೆಲಸವನ್ನು,
ಪರದೆಯ ಮರೆಯಲ್ಲಿ ನಿಂತು ನಟರಿಗೆ ಸಾಲುಗಳನ್ನು ಎತ್ತಿಕೊಡುವ ಕೆಲಸವನ್ನು,
ಹುಡುಕಿ ಹುಡುಕಿ ಚಿಲಿಪಿಲಿಗೇ ಒಪ್ಪಿಸಿದ ನಮ್ಮ ನಿರ್ದೇಶಕರಿಗೆ ನಾನು ಋಣಿ.
ಎರಡನೆಯ ಅಂಕದಲ್ಲಿ, ಅರಸನ ಪತ್ರವನ್ನು ಬಿಚ್ಚಿ ಓದುವ ಮುನ್ನ,
ನಾನು ಒಂದು ಗಳಿಗೆ ಹೆಚ್ಚಾಗಿ ನಿಲ್ಲುವುದು ಮರೆವಿನಿಂದಲ್ಲ;
ಆ ಸಾಲನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಬಲ್ಲೆ.
ಆದರೆ ನಾನು ನಿಂತಾಗಲೇ ಅಲ್ಲವೆ,
ಊರಿಗೆಲ್ಲ ಹಂಚಿಹೋಗುವ ನಿನ್ನ ದನಿ
ನನ್ನೊಬ್ಬನಿಗಾಗಿಯೇ ಎಂಬಂತೆ ಆ ಪರದೆಯ ಮಡಿಕೆಯಿಂದ ಹೊರಬರುವುದು?

ಲಿಖಿತವಾಗಿಯೇ ಕೇಳುತ್ತಿದ್ದೇನೆ, ಏಕೆಂದರೆ ಬಾಯಿಬಿಟ್ಟು ಕೇಳಹೊರಟರೆ
ನೀನು ನಡುವೆ ಬೇರೊಂದು ಕಥೆಯನ್ನು ತೆಗೆಯುತ್ತೀ,
ನಾನು ಬಂದ ಕೆಲಸ ಬಿಟ್ಟು ಅದನ್ನೇ ಕೇಳುತ್ತ ಕೂರುತ್ತೇನೆ.
ಭಾನುವಾರ ತಾಲೀಮು ಮುಗಿದು ಎಲ್ಲರೂ ಹೊರಟ ಮೇಲೆ,
ನಿನ್ನ ಮನೆಯ ತಿರುವಿನವರೆಗೆ ನನ್ನೊಡನೆ ನಡೆದು ಬರುವೆಯಾ?
ಹತ್ತಿರದ ದಾರಿ ಬೇಡ, ಸುತ್ತುದಾರಿಯನ್ನೇ ಹಿಡಿಯೋಣ;
ನಿನ್ನ ಯಾವ ಕಥೆಯೂ ಗೇಟಿನ ಮುಂದೆ ಅರ್ಧಕ್ಕೆ ನಿಲ್ಲುವುದು ನನಗಿಷ್ಟವಿಲ್ಲ.
ಉತ್ತರವನ್ನು ಅರಸನ ಪತ್ರದ ಸಾಲಿನ ಪಕ್ಕ, ಅಂಚಿನಲ್ಲೇ ಬರೆದುಬಿಡು.
‘ಹೂಂ’ ಎಂದಾದರೆ, ಅದರ ಕೊಂಬನ್ನು ನಿನಗೆ ಬೇಕಾದಷ್ಟು ಉದ್ದಕ್ಕೆ ಎಳೆ.