ಮಂಗಳವಾರದ ಮಾತುಕತೆಗೆ ಧನ್ಯವಾದ, ಮತ್ತು ನಾನು ಅರ್ಧಕ್ಕೇ ಬಿಟ್ಟ ಉತ್ತರಗಳು

ನಮಸ್ಕಾರ ಮೇಡಂ,

ಮಂಗಳವಾರ ನನ್ನ ಜೊತೆ ಕೂತು ಮಾತಾಡಿದ್ದಕ್ಕೆ ತುಂಬಾ ಧನ್ಯವಾದ. ಕ್ಯಾಲೆಂಡರ್‌ನಲ್ಲಿ ಇದ್ದದ್ದು 30 ನಿಮಿಷ, ನೀವು ಕೊಟ್ಟದ್ದು 45 ನಿಮಿಷ. ಮುಂದಿನ ಮೀಟಿಂಗ್‌ನವರಿಗೆ ಸ್ವಲ್ಪ ತಡವಾಗುತ್ತೆ ಅಂತ ಹೇಳಿ ಕಳಿಸಿ, ಮತ್ತೆ ನನ್ನ ಕಡೆ ತಿರುಗಿ "ಈಗ ಹೇಳಿ" ಅಂದಿರಿ. ಅದು ನನ್ನ ಮನಸ್ಸಿನಲ್ಲಿ ಉಳಿದಿದೆ.

ಇನ್ನೊಂದು ಮಾತೂ ಉಳಿದಿದೆ. ಹೊಸ ಗ್ರಾಹಕರು ತಮ್ಮ ಐಟಂ ಪಟ್ಟಿಯ ಫೈಲನ್ನು ನಮ್ಮ ಸಾಫ್ಟ್‌ವೇರ್‌ಗೆ ಇಂಪೋರ್ಟ್ ಮಾಡುವಾಗ ಬರುವ ಟಿಕೆಟ್‌ಗಳ ಬಗ್ಗೆ ನಾನು ಹೇಳುತ್ತಿದ್ದಾಗ ನೀವು ಮಧ್ಯದಲ್ಲಿ ತಡೆದು, "ಆ ಹೊತ್ತಿಗೆ ಗ್ರಾಹಕರ ಸ್ಕ್ರೀನ್ ಮೇಲೆ ಏನು ಕಾಣ್ತಾ ಇರುತ್ತೆ?" ಅಂತ ಕೇಳಿದಿರಿ. ನಾನು ಸಪೋರ್ಟ್ ತಂಡಕ್ಕೆ ಬಂದು ನಾಲ್ಕು ವರ್ಷ ಆಯಿತು. ಎಷ್ಟು ಟಿಕೆಟ್ ಮುಚ್ಚಿದಿರಿ ಅಂತ ಕೇಳುವವರು ಬಹಳ ಜನ ಇದ್ದಾರೆ. ಈ ಪ್ರಶ್ನೆಯನ್ನು ನಮ್ಮ ತಂಡದ ಹೊರಗಿನವರು ಕೇಳಿದ್ದು ಇದೇ ಮೊದಲು.

ವರ್ಷದ ಶುರುವಿನ ಟೌನ್ ಹಾಲ್‌ನಲ್ಲಿ ನೀವು ಮೂರು ಆದ್ಯತೆ ಹೇಳಿದ್ದಿರಿ. ಇರುವ ಗ್ರಾಹಕರನ್ನು ಉಳಿಸಿಕೊಳ್ಳುವುದು, ರಿಲೀಸ್‌ಗಳ ಮೇಲೆ ಭರವಸೆ ಬರುವಂತೆ ಮಾಡುವುದು, ಒಳಗಿನವರನ್ನೇ ಬೆಳೆಸುವುದು. ಮಂಗಳವಾರ ನಾನು ಕೊಟ್ಟ ಉತ್ತರಗಳು ಇವುಗಳ ಸುತ್ತಲೇ ಇದ್ದವು. ಆದರೆ ಬಿಡಿಬಿಡಿ ಕಥೆಗಳ ಹಾಗೆ ಹೇಳಿಬಿಟ್ಟೆ. ಅವುಗಳನ್ನು ಜೋಡಿಸಿ ಹೇಳೋಣ ಅಂತ ಬರೆಯುತ್ತಿದ್ದೇನೆ. ಒಂದು ಕಡೆ ನಾನು ತಪ್ಪು ಲೆಕ್ಕವನ್ನೂ ಹೇಳಿದ್ದೆ. ಅದನ್ನು ಮೊದಲು ಸರಿಮಾಡಬೇಕು.

"ಗ್ರಾಹಕರು ಮೊದಲ ಮೂರು ತಿಂಗಳಲ್ಲೇ ಯಾಕೆ ಬಿಟ್ಟು ಹೋಗ್ತಾರೆ?" ಅಂತ ನೀವು ಕೇಳಿದಾಗ, ಅರ್ಧಕ್ಕಿಂತ ಜಾಸ್ತಿ ಜನ ಇಂಪೋರ್ಟ್ ತೊಂದರೆಯಿಂದಲೇ ಹೋಗ್ತಾರೆ ಅಂದೆ. ಅವತ್ತು ಸಂಜೆ ಕೂತು ಟಿಕೆಟ್‌ಗಳನ್ನು ಮತ್ತೆ ಓದಿದೆ. ಹಾಗೆ ಬಿಟ್ಟುಹೋದವರಲ್ಲಿ 60 ಗ್ರಾಹಕರ ಟಿಕೆಟ್ ನೋಡಿದೆ. ಅದರಲ್ಲಿ 22 ಗ್ರಾಹಕರು ಬಿಡುವ ಮುಂಚೆ ಇಂಪೋರ್ಟ್ ಬಗ್ಗೆ ನಮಗೆ ಬರೆದಿದ್ದರು. ಅಂದರೆ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ, ಅರ್ಧ ಅಲ್ಲ. ಅವರು ಹೋಗಿದ್ದು ಅದೊಂದೇ ಕಾರಣಕ್ಕೆ ಅಂತಲೂ ಟಿಕೆಟ್ ನೋಡಿ ಹೇಳಲು ಬರುವುದಿಲ್ಲ. ಮುಂದೆ ಎಲ್ಲಾದರೂ ಈ ಲೆಕ್ಕ ಹೇಳುವುದಾದರೆ ದಯವಿಟ್ಟು 60ರಲ್ಲಿ 22 ಅಂತಲೇ ಹೇಳಿ.

ಇಷ್ಟಾದರೂ ನನ್ನ ಮಾತಿನ ತೂಕ ಕಡಿಮೆಯಾಗಿಲ್ಲ ಅನ್ನಿಸುತ್ತೆ. ಗ್ರಾಹಕರಿಗೆ ಏನು ಕಾಣುತ್ತೆ ಅಂತ ನೀವು ಕೇಳಿದ್ದಕ್ಕೆ ಈಗ ಪೂರ್ತಿ ಉತ್ತರ ಕೊಡುತ್ತೇನೆ.

ಹೊಸ ಗ್ರಾಹಕರು ತಮ್ಮ ಐಟಂ ಪಟ್ಟಿಯನ್ನು ಎಕ್ಸೆಲ್‌ನಲ್ಲಿ ತೆರೆಯುತ್ತಾರೆ. ಅವರ ಐಟಂ ಕೋಡ್ 00471 ಅಂತ ಇರುತ್ತೆ. ಎಕ್ಸೆಲ್ ಅದನ್ನು ಸಂಖ್ಯೆ ಅಂದುಕೊಂಡು ಮುಂದಿನ ಸೊನ್ನೆಗಳನ್ನು ತೆಗೆದುಹಾಕುತ್ತೆ. 471 ಉಳಿಯುತ್ತೆ. ಬಾರ್‌ಕೋಡ್ ಕಥೆ ಇನ್ನೂ ಕಷ್ಟ. 13 ಅಂಕಿಯ ಬಾರ್‌ಕೋಡ್ ಅಲ್ಲಿ 8.90123E+12 ಅಂತ ಕಾಣಿಸುತ್ತೆ. ಹಾಗೇ ಸಿಎಸ್‌ವಿ ಆಗಿ ಸೇವ್ ಮಾಡಿದರೆ ಕಾಣುತ್ತಿರುವುದೇ ಫೈಲ್‌ಗೆ ಹೋಗುತ್ತೆ. ಕೊನೆಯ ಅಂಕಿಗಳು ಆ ಫೈಲ್‌ನಲ್ಲಿ ಎಲ್ಲೂ ಇರುವುದಿಲ್ಲ. ಶುರುವಿನ ಅಂಕಿಗಳು ಒಂದೇ ಇರುವ ಬೇರೆ ಬೇರೆ ಐಟಂಗಳಿಗೆ ಒಂದೇ ಬಾರ್‌ಕೋಡ್ ಬಂದುಬಿಡುತ್ತೆ. ಆಗ ನಮ್ಮ ಸಾಫ್ಟ್‌ವೇರ್ ಒಂದರ ಮೇಲೊಂದು ಬರೆದುಕೊಂಡು ಹೋಗುತ್ತೆ. ಮುಗಿದ ಮೇಲೆ ಹಸಿರು ಗುರುತು ತೋರಿಸಿ "ಇಂಪೋರ್ಟ್ ಯಶಸ್ವಿ" ಅನ್ನುತ್ತೆ.

ನೀವು ಕೇಳಿದ ಆ ಹೊತ್ತಿಗೆ ಗ್ರಾಹಕರಿಗೆ ಕಾಣುವುದು ಆ ಹಸಿರು ಗುರುತು.

ತೊಂದರೆ ಗೊತ್ತಾಗುವುದು ಎರಡು ಮೂರು ವಾರ ಬಿಟ್ಟು. ಕೌಂಟರ್ ಮುಂದೆ ಜನ ನಿಂತಿರುವಾಗ ಸ್ಕ್ಯಾನ್ ಮಾಡಿದರೆ "ಐಟಂ ಸಿಗಲಿಲ್ಲ" ಅಂತ ಬರುತ್ತೆ. ನಮ್ಮ ಸಾಫ್ಟ್‌ವೇರ್ ತಮ್ಮ ಮಾಲನ್ನೇ ಕಳೆದುಹಾಕಿತು ಅಂತ ಅವರು ಅಂದುಕೊಳ್ಳುತ್ತಾರೆ. ಅವರ ಜಾಗದಲ್ಲಿ ನಾನಿದ್ದರೂ ಹಾಗೇ ಅಂದುಕೊಳ್ಳುತ್ತಿದ್ದೆ. ದಿನಾಂಕದ ಕಥೆಯೂ ಇದೇ. 03/04 ಅಂದರೆ ಏಪ್ರಿಲ್ 3 ಇರಬಹುದು, ಮಾರ್ಚ್ 4 ಇರಬಹುದು. ದಿನ 12ರ ಮೇಲಿದ್ದರೆ ತಪ್ಪು ಅಂತ ನಮ್ಮ ಸ್ಕ್ರೀನ್ ಹೇಳುತ್ತೆ, ಯಾಕೆಂದರೆ ಹದಿಮೂರನೇ ತಿಂಗಳು ಇಲ್ಲ. 12ರ ಒಳಗಿದ್ದರೆ ದಿನ, ತಿಂಗಳು ಅದಲುಬದಲಾಗಿ ಸುಮ್ನೆ ಒಳಗೆ ಹೋಗಿಬಿಡುತ್ತೆ. ಮಾಲಿನ ಎಕ್ಸ್‌ಪೈರಿ ದಿನಾಂಕ ಹೀಗೆ ತಪ್ಪಿದರೆ ಏನಾಗುತ್ತೆ ಅಂತ ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಇದು ನಿಮ್ಮ ಡ್ಯಾಶ್‌ಬೋರ್ಡ್‌ನಲ್ಲಿ ಯಾಕೆ ಕಾಣುವುದಿಲ್ಲ ಅನ್ನುವುದನ್ನು ಅವತ್ತು ಹೇಳಲು ಆಗಲಿಲ್ಲ. ನಾವು ಈ ಟಿಕೆಟ್‌ಗಳನ್ನು ಬೇಗ ಮುಚ್ಚುತ್ತೇವೆ. "ಕಾಲಂ ಅನ್ನು ಟೆಕ್ಸ್ಟ್ ಮಾಡಿ, ಫೈಲ್ ಮತ್ತೆ ಹಾಕಿ" ಅಂತ ಬರೆದು ಕಳಿಸುತ್ತೇವೆ. ಒಂದೇ ದಿನದಲ್ಲಿ ಕ್ಲೋಸ್. ನಮ್ಮ ಅಂಕಿಅಂಶ ಚೆನ್ನಾಗಿ ಕಾಣುತ್ತೆ. ಆದರೆ ಹಳೆಯ ಫೈಲ್‌ನಲ್ಲಿ ಅಂಕಿಗಳು ಹೋಗಿಯೇ ಬಿಟ್ಟಿರುವುದರಿಂದ ಅವರು ಮೊದಲಿನಿಂದ ಶುರು ಮಾಡಬೇಕು. ಕೆಲವರು ಮಾಡುತ್ತಾರೆ. ಕೆಲವರು ಹೊಸ ಟಿಕೆಟ್ ಹಾಕುತ್ತಾರೆ, ಅದು ಬೇರೆಯವರ ಸರದಿಗೆ ಬರುತ್ತೆ, ಅದನ್ನೂ ಒಂದು ದಿನದಲ್ಲಿ ಮುಚ್ಚುತ್ತೇವೆ. ಇನ್ನು ಕೆಲವರು ಮತ್ತೆ ಬರೆಯುವುದೇ ಇಲ್ಲ. ನಿಮ್ಮ ಮೊದಲ ಆದ್ಯತೆ ನಿಜವಾಗಿ ಕೈಜಾರುವ ಜಾಗ ಇದೇ ಅಂತ ನನಗೆ ಬಲವಾಗಿ ಅನ್ನಿಸುತ್ತೆ. ರಿನ್ಯೂವಲ್ ತಂಡ ಕಾಲ್ ಮಾಡುವ ಹೊತ್ತಿಗೆ ಅವರ ಮನಸ್ಸು ಎಂದೋ ಮುರಿದಿರುತ್ತೆ.

ನಾನು ಕೇಳುತ್ತಿರುವುದು ದೊಡ್ಡ ಪ್ರಾಜೆಕ್ಟ್ ಅಲ್ಲ. ಇಂಪೋರ್ಟ್‌ಗೆ ಮುಂಚೆ ಮೊದಲ ಹತ್ತು ಸಾಲು ತೋರಿಸಿ "ನಿಮ್ಮ ಕೋಡ್ ಹೀಗೇ ಇದೆಯಾ?" ಅಂತ ಕೇಳಬೇಕು. ಬಾರ್‌ಕೋಡ್ ಕಾಲಂನಲ್ಲಿ E+ ಕಂಡರೆ ಅಲ್ಲೇ ನಿಲ್ಲಿಸಬೇಕು. ದಿನಾಂಕ ಯಾವ ಕ್ರಮದಲ್ಲಿದೆ ಅಂತ ಒಂದು ಸಲ ಕೇಳಬೇಕು. ಪ್ರಾಡಕ್ಟ್ ತಂಡದ ಗೆಳತಿಯೊಬ್ಬರ ಹತ್ತಿರ ನಿನ್ನೆ ಮಾತಾಡಿದೆ. ಮೊದಲೆರಡು ಒಂದು ಸ್ಪ್ರಿಂಟ್‌ನಲ್ಲಿ ಆಗಬಹುದು, ದಿನಾಂಕದ್ದು ಸ್ವಲ್ಪ ಯೋಚನೆ ಬೇಡುತ್ತೆ ಅಂದರು. ಅದು ಅವರ ಅಂದಾಜು, ಮಾತು ಕೊಟ್ಟಿದ್ದಲ್ಲ.

ಎರಡನೆಯದು ರಿಲೀಸ್ ವಿಷಯ. "ನನ್ನ ಜಾಗದಲ್ಲಿ ನೀವಿದ್ದರೆ ಏನನ್ನು ನಿಲ್ಲಿಸುತ್ತೀರಿ?" ಅಂದಾಗ ಶುಕ್ರವಾರ ಸಂಜೆಯ ರಿಲೀಸ್ ಅಂದೆ. ಆಮೇಲೆ ಯೋಚನೆ ಮಾಡಿದಾಗ, ತೊಂದರೆ ಇರುವುದು ಯಾವ ದಿನ ಅನ್ನುವುದರಲ್ಲಿ ಅಲ್ಲ ಅನ್ನಿಸಿತು. ಏನು ಬದಲಾಗಿದೆ ಅಂತ ನಮಗೆ ಗೊತ್ತಾಗುವುದು ಗ್ರಾಹಕರು ಫೋನ್ ಮಾಡಿದ ಮೇಲೆ. ಬುಧವಾರ ರಿಲೀಸ್ ಮಾಡಿದರೂ ಕಥೆ ಅದೇ ಅಲ್ವಾ? ಹಾಗಾಗಿ ನನ್ನ ಉತ್ತರ ಬದಲಾಯಿಸುತ್ತೇನೆ: ರಿಲೀಸ್ ನೋಟ್ಸ್ ಒಂದು ದಿನ ಮುಂಚೆ ಸಪೋರ್ಟ್ ಕೈಗೆ ಬರಲಿ. ಏನಾದರೂ ಕೆಟ್ಟ ಮೇಲೆ ನಡೆಯುವ ರಿವ್ಯೂನಲ್ಲಿ ನಮ್ಮಲ್ಲಿ ಒಬ್ಬರಾದರೂ ಕೂತಿರಲಿ. ಎಷ್ಟು ನಿಮಿಷ ಸರ್ವರ್ ನಿಂತಿತ್ತು ಅನ್ನುವುದು ಇಂಜಿನಿಯರ್‌ಗಳಿಗೆ ಗೊತ್ತಿರುತ್ತೆ. ಅಷ್ಟು ಹೊತ್ತು ಅಂಗಡಿಯವರು ಕೈಯಲ್ಲಿ ಬಿಲ್ ಬರೆದರು, ಆಮೇಲೆ ರಾತ್ರಿ ಕೂತು ಅದನ್ನೆಲ್ಲ ಎಂಟ್ರಿ ಮಾಡಿದರು ಅನ್ನುವುದು ನಮಗೆ ಗೊತ್ತಿರುತ್ತೆ. ಭರವಸೆ ಅನ್ನುವ ಮಾತಿಗೆ ಎರಡೂ ಬೇಕು.

ಮೂರನೆಯದು ನನ್ನ ಬಗ್ಗೆ. ಎರಡು ವರ್ಷ ಬಿಟ್ಟು ಎಲ್ಲಿರಬೇಕು ಅಂತ ಇದೆ ಅಂದಾಗ "ಮ್ಯಾನೇಜರ್" ಅಂದೆ. ಅದು ಎಲ್ಲರೂ ಕೊಡುವ ಉತ್ತರ, ನನ್ನದಲ್ಲ. ನನಗೆ ನಿಜವಾಗಿ ಇಷ್ಟವಾಗುವುದು ಮೇಲೆ ಬರೆದಂಥ ಕೆಲಸ. ಟಿಕೆಟ್‌ಗಳನ್ನು ಓದಿ, ಗ್ರಾಹಕರು ಎಲ್ಲಿ ಎಡವುತ್ತಾರೆ ಅಂತ ಹುಡುಕಿ, ಅದನ್ನು ಪ್ರಾಡಕ್ಟ್ ತಂಡದವರ ಭಾಷೆಯಲ್ಲಿ ಹೇಳುವುದು. ಇವತ್ತು ನಮ್ಮಲ್ಲಿ ಅಂಥ ಹುದ್ದೆ ಇಲ್ಲ. ವಾರಕ್ಕೆ ಅರ್ಧ ದಿನ ಅದಕ್ಕೆ ಸಿಕ್ಕರೂ ನಾನು ಶುರು ಮಾಡಬಲ್ಲೆ. ಇದರಲ್ಲಿ ನನ್ನ ಸ್ವಂತ ಆಸೆ ಇದೆ, ಮುಚ್ಚಿಡುವುದಿಲ್ಲ. ಆದರೆ ನಮ್ಮ ತಂಡ ಬಿಟ್ಟು ಹೋದ ಇಬ್ಬರೂ ಬೀಳ್ಕೊಡುಗೆ ದಿನ ಹೇಳಿದ್ದು ಒಂದೇ ಮಾತು: ಸಪೋರ್ಟ್‌ನಿಂದ ಮುಂದೆ ದಾರಿ ಎಲ್ಲಿದೆ ಅಂತಲೇ ಕಾಣಲಿಲ್ಲ. ಒಳಗಿನವರನ್ನು ಬೆಳೆಸುತ್ತೇವೆ ಅಂತ ನೀವು ವೇದಿಕೆ ಮೇಲೆ ಹೇಳಿದಾಗ ನಮ್ಮ ಸಾಲಿನಲ್ಲಿ ಕೂತವರೆಲ್ಲ ತಲೆಯೆತ್ತಿ ನೋಡಿದೆವು. ಅವರಿಗೆ ತೋರಿಸಲು ಒಂದು ಉದಾಹರಣೆ ಬೇಕು.

ರಾತ್ರಿ ಪಾಳಿಯ ಬಗ್ಗೆಯೂ ಮಾತಾಡಿದ್ದೆವು. ಅದನ್ನು ಮೂರು ಆದ್ಯತೆಗಳಲ್ಲಿ ಯಾವುದಕ್ಕಾದರೂ ಎಳೆದು ಸೇರಿಸಬಹುದಿತ್ತು. ಬೇಡ ಅಂದುಕೊಂಡೆ. ಪಾಳಿ ವಾರ ವಾರವೂ ಬದಲಾದರೆ ಜನರಿಗೆ ನಿದ್ದೆ ಕೆಡುತ್ತೆ, ತಿಂಗಳಿಗೊಮ್ಮೆ ಬದಲಾಯಿಸಿ ನೋಡೋಣ ಅನ್ನುವುದಕ್ಕೆ ಆ ಕಾರಣವೇ ಸಾಕು. ಇದನ್ನು ನಮ್ಮ ಮ್ಯಾನೇಜರ್ ಮಟ್ಟದಲ್ಲೇ ಮಾಡಬಹುದು. ಅವರು ಮುಂದಿನ ತಿಂಗಳಿನಿಂದ ಪ್ರಯತ್ನಿಸೋಣ ಅಂತ ಒಪ್ಪಿದ್ದಾರೆ. ನಿಮ್ಮಿಂದ ಏನೂ ಬೇಕಿಲ್ಲ.

ಅವರ ವಿಷಯ ಬಂದಿದ್ದರಿಂದ ಹೇಳುತ್ತೇನೆ. ಈ ಪತ್ರವನ್ನು ಮೊದಲು ಅವರಿಗೆ ಓದಿಸಿ ಆಮೇಲೆ ನಿಮಗೆ ಕಳಿಸುತ್ತಿದ್ದೇನೆ, ಅವರ ಹೆಸರು ಸಿಸಿಯಲ್ಲಿದೆ. ಇಂಪೋರ್ಟ್ ವಿಷಯವನ್ನು ಅವರು ನನಗಿಂತ ಮುಂಚೆಯೇ ಎರಡು ಸಲ ಎತ್ತಿದ್ದರು. ನಾನು ಮಂಗಳವಾರ ಅದನ್ನು ಹೇಳಲಿಲ್ಲ, ಹೇಳಬೇಕಿತ್ತು. ಬಿಟ್ಟುಹೋದವರ ಟಿಕೆಟ್‌ಗಳನ್ನು ಬೇರೆ ಮಾಡಿ ಇಡುವ ರೂಢಿ ಶುರು ಮಾಡಿದ್ದೂ ಅವರೇ. ಅದಿಲ್ಲದಿದ್ದರೆ ಒಂದು ಸಂಜೆಯಲ್ಲಿ 60 ಗ್ರಾಹಕರ ಟಿಕೆಟ್ ಓದಲು ನನ್ನಿಂದ ಆಗುತ್ತಿರಲಿಲ್ಲ.

ನೀವು ಒಂದು ಗಂಟೆ ನಮ್ಮ ಜೊತೆ ಕೂತು ಕಾಲ್‌ಗಳನ್ನು ಕೇಳುತ್ತೇನೆ ಅಂದಿದ್ದಿರಿ. ಸೋಮವಾರ ಬೆಳಿಗ್ಗೆ 10ರಿಂದ 11 ಒಳ್ಳೆಯ ಹೊತ್ತು. ವಾರಾಂತ್ಯದಲ್ಲಿ ಇಂಪೋರ್ಟ್ ಮಾಡಿದ ಹೊಸ ಗ್ರಾಹಕರು ಫೋನ್ ಮಾಡುವುದು ಹೆಚ್ಚಾಗಿ ಆಗಲೇ. ಬರುವ ಸೋಮವಾರ ಆಗದಿದ್ದರೆ ಅದರ ಮುಂದಿನದ್ದೂ ಆಗುತ್ತೆ. ಆ 22 ಗ್ರಾಹಕರ ಟಿಕೆಟ್‌ಗಳನ್ನು ಹೆಸರು ತೆಗೆದು ಒಂದು ಶೀಟ್‌ನಲ್ಲಿ ಹಾಕಿ ಇದರ ಜೊತೆ ಲಗತ್ತಿಸಿದ್ದೇನೆ. ಎಲ್ಲ ಓದಲು ಸಮಯ ಇಲ್ಲದಿದ್ದರೆ 7 ಮತ್ತು 15ನೇ ಸಾಲು ಮಾತ್ರ ಓದಿ. 15ನೇ ಸಾಲಿನವರು ಮೂರು ಸಲ ಫೈಲ್ ಹಾಕಿದ್ದರು. ಪ್ರತಿ ಸಲವೂ ನಮಗೆ ಥ್ಯಾಂಕ್ಸ್ ಹೇಳಿದ್ದರು.

ಮತ್ತೊಮ್ಮೆ ಧನ್ಯವಾದ, ಮೇಡಂ.

ಇತಿ,
ಸಪೋರ್ಟ್ ತಂಡದ ಲೀಡ್, ಹೊಸ ಗ್ರಾಹಕರ ವಿಭಾಗ