ಬಾಕಿ ಉಳಿದ ಓವರ್‌ಟೈಮ್ ವೇತನ ₹21,155 ಪಾವತಿಸುವಂತೆ ಕೋರಿ ಕಾರ್ಖಾನೆ ವ್ಯವಸ್ಥಾಪಕರಿಗೆ ಪತ್ರ

ಬೆಳಗಾವಿ
ದಿನಾಂಕ: 12 ಫೆಬ್ರುವರಿ 2025

ಇವರಿಂದ,
ಬಸವರಾಜ ಶಿವಪ್ಪ
ಮೋಲ್ಡರ್, ಟೋಕನ್ ಸಂಖ್ಯೆ 317
ಎರಕ ವಿಭಾಗ, ಮೊದಲ ಪಾಳಿ

ಇವರಿಗೆ,
ಮಾನ್ಯ ಕಾರ್ಖಾನೆ ವ್ಯವಸ್ಥಾಪಕರು
ಉದ್ಯಮಬಾಗ ಕೈಗಾರಿಕಾ ಪ್ರದೇಶ
ಬೆಳಗಾವಿ

ವಿಷಯ: ಜುಲೈ 2024ರಿಂದ ಡಿಸೆಂಬರ್ 2024ರವರೆಗಿನ 170 ತಾಸುಗಳ ಓವರ್‌ಟೈಮ್ ಕೆಲಸಕ್ಕೆ ಬರಬೇಕಾದ ಬಾಕಿ ವೇತನದ ಬಗ್ಗೆ.

ಉಲ್ಲೇಖ: ಇದೇ ವಿಷಯದ ಮೇಲೆ ನಾನು 8 ಜನವರಿ 2025ರಂದು ಕೊಟ್ಟು, ಕಚೇರಿಯ ಸ್ವೀಕೃತಿ ಮುದ್ರೆ ಪಡೆದ ಅರ್ಜಿ.

ಮಾನ್ಯರೇ,

ನಾನು ತಮ್ಮ ಕಾರ್ಖಾನೆಯ ಎರಕ ವಿಭಾಗದಲ್ಲಿ ಹನ್ನೊಂದು ವರ್ಷಗಳಿಂದ ಕಾಯಂ ಕಾರ್ಮಿಕನಾಗಿ ದುಡಿಯುತ್ತಿದ್ದೇನೆ. ನನ್ನ ಪಾಳಿ ಬೆಳಿಗ್ಗೆ 8ಕ್ಕೆ ಆರಂಭವಾಗಿ ಸಂಜೆ 4.30ಕ್ಕೆ ಮುಗಿಯುತ್ತದೆ. ಊಟದ ಅರ್ಧ ತಾಸು ಕಳೆದರೆ ದಿನಕ್ಕೆ 8 ತಾಸು, ವಾರದ ಆರು ದಿನಕ್ಕೆ 48 ತಾಸು ಆಗುತ್ತದೆ. ಕಳೆದ ಜುಲೈಯಿಂದ ಡಿಸೆಂಬರ್‌ವರೆಗೆ ನಾನು ಇದಕ್ಕಿಂತ ಹೆಚ್ಚು ದುಡಿದ ತಾಸುಗಳ ಪೈಕಿ ಮೊದಲ ಮೂರು ತಿಂಗಳಿಗೆ ಅರೆಬರೆ ಹಣ ಬಂದಿದೆ, ಕೊನೆಯ ಮೂರು ತಿಂಗಳಿಗೆ ಏನೂ ಬಂದಿಲ್ಲ. 16 ಡಿಸೆಂಬರ್‌ರಂದು ಲೆಕ್ಕಪತ್ರ ವಿಭಾಗದಲ್ಲಿ ಬಾಯಿಮಾತಿನಲ್ಲಿ ಕೇಳಿದೆ, ಜನವರಿಯಲ್ಲಿ ಬರೆದು ಕೊಟ್ಟೆ. ಎರಡಕ್ಕೂ ಸರಿಯಾದ ಉತ್ತರ ಸಿಗದ ಕಾರಣ ಈಗ ಪೂರ್ತಿ ಲೆಕ್ಕದೊಂದಿಗೆ ಈ ಪತ್ರ ಸಲ್ಲಿಸುತ್ತಿದ್ದೇನೆ.

ಮೊದಲು ತಾಸುಗಳ ಲೆಕ್ಕ. ಜುಲೈಯಲ್ಲಿ 22, ಆಗಸ್ಟ್‌ನಲ್ಲಿ 26, ಸೆಪ್ಟೆಂಬರ್‌ನಲ್ಲಿ 31, ಅಕ್ಟೋಬರ್‌ನಲ್ಲಿ 38, ನವೆಂಬರ್‌ನಲ್ಲಿ 24 ಮತ್ತು ಡಿಸೆಂಬರ್‌ನಲ್ಲಿ 29, ಹೀಗೆ ಒಟ್ಟು 170 ತಾಸು. ಜುಲೈಯಿಂದ ನವೆಂಬರ್‌ವರೆಗಿನ ಲೆಕ್ಕವನ್ನು ಟೈಮ್ ಆಫೀಸಿನವರೇ ಸಹಿ ಮಾಡಿ ಕೊಟ್ಟ ಹೆಬ್ಬೆಟ್ಟಿನ ಹಾಜರಿ ಯಂತ್ರದ ಪ್ರಿಂಟ್‌ನಿಂದ ತೆಗೆದಿದ್ದೇನೆ. ಡಿಸೆಂಬರ್ ತಿಂಗಳ ಪ್ರಿಂಟ್ ಕೇಳಿದರೂ ಕೊಟ್ಟಿಲ್ಲವಾದ್ದರಿಂದ, ಆ ತಿಂಗಳಿಗೆ ಸೂಪರ್‌ವೈಸರ್ ಸಹಿ ಇರುವ ಓಟಿ ಚೀಟಿಗಳ ಕಾರ್ಬನ್ ಪ್ರತಿಗಳನ್ನು ಆಧಾರವಾಗಿಟ್ಟುಕೊಂಡಿದ್ದೇನೆ. ಸೆಪ್ಟೆಂಬರ್ 24 ಮತ್ತು 25ರಂದು ಯಂತ್ರ ಕೆಟ್ಟಿತ್ತು. ಆ ಎರಡು ದಿನ ನಮ್ಮೆಲ್ಲರ ಒಳಬರುವ, ಹೊರಹೋಗುವ ವೇಳೆಯನ್ನು ಗೇಟಿನ ವಾಚಮನ್ನರು ರಜಿಸ್ಟರಿನಲ್ಲಿ ಬರೆದು ನಮ್ಮ ಸಹಿ ಪಡೆದಿದ್ದಾರೆ. ಆ ದಿನಗಳ ಮೂರು ಮೂರು ತಾಸು ಯಂತ್ರದ ಪ್ರಿಂಟ್‌ನಲ್ಲಿ ಕಾಣದೆ ಹೋದರೆ ದಯವಿಟ್ಟು ಆ ರಜಿಸ್ಟರ್ ತರಿಸಿ ನೋಡಬೇಕು.

ಪಾಳಿ ಮುಗಿದ ಮೇಲೆ ಯಂತ್ರದಲ್ಲಿ ಕಾಣುವ ಹೆಚ್ಚಿನ ವೇಳೆ ಕೈಕಾಲು ತೊಳೆಯುವುದರಲ್ಲಿ, ಮಾತನಾಡುವುದರಲ್ಲಿ ಹೋಗುತ್ತದೆ ಎಂದು ಲೆಕ್ಕಪತ್ರ ವಿಭಾಗದಲ್ಲಿ ನನಗೆ ಹೇಳಲಾಯಿತು. ಈ ಮಾತು ನನ್ನ ಮನಸ್ಸಿಗೆ ಬಹಳ ನೋವುಂಟುಮಾಡಿದೆ. ಆದ್ದರಿಂದ ಒಂದು ದಿನದ ಕೆಲಸವನ್ನು ಇಲ್ಲಿ ಬಿಡಿಸಿ ಬರೆಯುತ್ತೇನೆ. 22 ಅಕ್ಟೋಬರ್ 2024, ಮಂಗಳವಾರ ನಾನು ಬೆಳಿಗ್ಗೆ 7.52ಕ್ಕೆ ಹೆಬ್ಬೆಟ್ಟು ಒತ್ತಿ ಒಳಗೆ ಬಂದೆ. ಅಂದು ಫರ್ನೇಸಿನ ಕಾಯಿಲ್‌ಗೆ ನೀರು ಹೋಗುವ ಪೈಪು ಸೋರಿ ಮಧ್ಯಾಹ್ನದ ಹೀಟ್ ತಡವಾಯಿತು. ನಾವು ಕಟ್ಟಿಟ್ಟಿದ್ದ 41 ಹಸಿ ಮರಳಿನ ಅಚ್ಚುಗಳು ಸಾಲಾಗಿ ಕಾಯುತ್ತಿದ್ದವು. ಅವನ್ನು ರಾತ್ರಿಯಿಡೀ ಹಾಗೆಯೇ ಬಿಟ್ಟರೆ ಮರಳಿನ ತೇವ ಆರಿ ಅಂಚು ಉದುರುತ್ತದೆ, ಮರುದಿನ ಅವನ್ನು ಒಡೆದು ಹೊಸದಾಗಿ ಕಟ್ಟಬೇಕಾಗುತ್ತದೆ. ಸೂಪರ್‌ವೈಸರ್ ಸಾಹೇಬರು ನಮ್ಮ ಐದು ಜನರನ್ನು ನಿಲ್ಲಲು ಹೇಳಿದರು, ನಿಂತೆವು. ಸಂಜೆ 6.10ಕ್ಕೆ ಮೊದಲ ಲೇಡಲ್ ಎತ್ತಿ, 8.15ಕ್ಕೆ ಕೊನೆಯದನ್ನು ಹೊಯ್ದೆವು. ಓಟಿ ಚೀಟಿಯಲ್ಲಿ ಸಂಜೆ 4.30ರಿಂದ 8.30 ಎಂದು ಬರೆದು ಸಹಿ ಆಗಿದೆ. ಯಂತ್ರದಲ್ಲಿ ನಾನು ಹೊರಹೋದ ವೇಳೆ ರಾತ್ರಿ 8.41 ಎಂದಿದೆ. ಕೈಕಾಲು ತೊಳೆದ ಆ ಹನ್ನೊಂದು ನಿಮಿಷವನ್ನು ನಾನು ಲೆಕ್ಕಕ್ಕೆ ಹಿಡಿದಿಲ್ಲ, ನಾಲ್ಕು ತಾಸು ಮಾತ್ರ ಕೇಳುತ್ತಿದ್ದೇನೆ. ಉಳಿದ ದಿನಗಳಿಗೂ ಇದೇ ಕ್ರಮ ಅನುಸರಿಸಿದ್ದೇನೆ. ಫರ್ನೇಸಿನ ಲಾಗ್ ಬುಕ್ಕಿನಲ್ಲಿ ಪ್ರತಿ ಹೀಟಿನ ವೇಳೆ ದಾಖಲಾಗಿದ್ದು, ಯಾವ ದಿನಾಂಕವನ್ನು ಬೇಕಾದರೂ ಅದರೊಂದಿಗೆ ತಾಳೆ ನೋಡಬಹುದು.

ಇನ್ನು ಯಾವ ತಾಸು ಓವರ್‌ಟೈಮ್, ಯಾವುದು ಅಲ್ಲ ಎಂಬ ವಿಚಾರ. 1948ರ ಕಾರ್ಖಾನೆಗಳ ಕಾಯ್ದೆಯ 59ನೇ ಕಲಮಿನ ಪ್ರಕಾರ, ದಿನಕ್ಕೆ 9 ತಾಸು ಅಥವಾ ವಾರಕ್ಕೆ 48 ತಾಸು ಮೀರಿ ದುಡಿದ ಕಾರ್ಮಿಕನಿಗೆ ಆ ಹೆಚ್ಚಿನ ಕೆಲಸಕ್ಕಾಗಿ ಸಾಮಾನ್ಯ ವೇತನ ದರದ ಎರಡು ಪಟ್ಟು ಕೊಡಬೇಕು. ನಾನು ಆರೂ ದಿನ ಪೂರ್ತಿ ಹಾಜರಿದ್ದ ವಾರಗಳಲ್ಲಿ 48 ತಾಸು ಮೀರಿದ್ದೆಲ್ಲವನ್ನೂ ಹಿಡಿದಿದ್ದೇನೆ. ರಜೆಯಿಂದಲೋ ಗೈರುಹಾಜರಿಯಿಂದಲೋ 48 ತಾಸು ತುಂಬದ ವಾರಗಳಲ್ಲಿ ದಿನಕ್ಕೆ 9 ತಾಸು ಮೀರಿದ್ದನ್ನು ಮಾತ್ರ ಹಿಡಿದಿದ್ದೇನೆ. ಉದಾಹರಣೆಗೆ, ದೀಪಾವಳಿ ಮತ್ತು ರಾಜ್ಯೋತ್ಸವದ ಸಲುವಾಗಿ ಅಕ್ಟೋಬರ್ 31ರಿಂದ ನವೆಂಬರ್ 2ರವರೆಗೆ ಕಾರ್ಖಾನೆಗೆ ರಜೆ ಇತ್ತು. ಆ ವಾರ ಅಕ್ಟೋಬರ್ 28 ಮತ್ತು 29ರಂದು ನಾನು ಮೂರು ಮೂರು ತಾಸು ಹೆಚ್ಚು ದುಡಿದಿದ್ದರೂ, ಒಂಬತ್ತನೆಯ ತಾಸನ್ನು ಬಿಟ್ಟು ಎರಡೆರಡು ತಾಸನ್ನಷ್ಟೇ ಸೇರಿಸಿದ್ದೇನೆ. ನನಗೆ ಬರಬೇಕಾದದ್ದಕ್ಕಿಂತ ಒಂದು ರೂಪಾಯಿ ಹೆಚ್ಚು ನನಗೆ ಬೇಡ.

ಅಕ್ಟೋಬರ್ 20ರ ರವಿವಾರದ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಹಬ್ಬದ ಮುಂಚೆ ಮಾಲು ಹೋಗಬೇಕೆಂದು ಅಂದು ನಮ್ಮನ್ನು ಪೂರ್ತಿ 8 ತಾಸು ಕೆಲಸಕ್ಕೆ ಕರೆಯಲಾಯಿತು. ಅದರ ಹಿಂದಿನ ಮೂರು ದಿನಗಳಲ್ಲಾಗಲಿ ಮುಂದಿನ ಮೂರು ದಿನಗಳಲ್ಲಾಗಲಿ ಕಾಯ್ದೆಯ 52ನೇ ಕಲಮಿನಂತೆ ಬದಲಿ ರಜೆ ಸಿಗಲಿಲ್ಲ. ಕಾಯ್ದೆಯಲ್ಲಿ ವಾರ ಎಂದರೆ ಶನಿವಾರ ಮಧ್ಯರಾತ್ರಿಯಿಂದ ಆರಂಭವಾಗುವ ಏಳು ದಿನ. ಹೀಗಾಗಿ ಆ ರವಿವಾರದ 8 ತಾಸಿನ ಮೇಲೆ ಸೋಮವಾರದಿಂದ ಶನಿವಾರದವರೆಗಿನ 48 ತಾಸು, ಅದರ ಮೇಲೆ ಮಂಗಳವಾರ ಮತ್ತು ಗುರುವಾರದ ನಾಲ್ಕು ನಾಲ್ಕು ತಾಸು ಸೇರಿ ಆ ಒಂದೇ ವಾರ ನಾನು 64 ತಾಸು ದುಡಿದಿದ್ದೇನೆ. ಅಕ್ಟೋಬರ್‌ನ 38 ತಾಸುಗಳಲ್ಲಿ 16 ಆ ವಾರದ್ದೇ.

ಎರಡನೆಯದು ದರ. ನನ್ನ ಪಗಾರ ಚೀಟಿಯ ಪ್ರಕಾರ ಮೂಲ ವೇತನ ₹11,440, ತುಟ್ಟಿಭತ್ಯೆ ₹4,160, ಒಟ್ಟು ತಿಂಗಳಿಗೆ ₹15,600. ಈ ಆರು ತಿಂಗಳಲ್ಲಿ ಇದು ಬದಲಾಗಿಲ್ಲ. 26 ದಿನಗಳಿಗೆ ಭಾಗಿಸಿದರೆ ದಿನಕ್ಕೆ ₹600, ತಾಸಿಗೆ ₹75, ಅದರ ಎರಡು ಪಟ್ಟು ₹150. ಆದರೆ ಜುಲೈ, ಆಗಸ್ಟ್ ಮತ್ತು ಸೆಪ್ಟೆಂಬರ್ ತಿಂಗಳ 79 ತಾಸುಗಳಿಗೆ "ಹೆಚ್ಚುವರಿ ಭತ್ಯೆ" ಎಂಬ ಹೆಸರಿನಲ್ಲಿ ವೌಚರ್ ಮೇಲೆ ನನಗೆ ಕೊಟ್ಟಿರುವುದು ತಾಸಿಗೆ ₹55ರಂತೆ ₹4,345 ಮಾತ್ರ. ಅಂದರೆ ತುಟ್ಟಿಭತ್ಯೆಯನ್ನು ಬಿಟ್ಟು, ಮೂಲ ವೇತನವನ್ನಷ್ಟೇ ಹಿಡಿದು, ಅದನ್ನೂ ಒಂದೇ ಪಟ್ಟು ಕೊಡಲಾಗಿದೆ. 59ನೇ ಕಲಮಿನ ಎರಡನೆಯ ಉಪಕಲಮು ಸಾಮಾನ್ಯ ವೇತನ ದರವೆಂದರೆ ಮೂಲ ವೇತನ ಮತ್ತು ಕಾರ್ಮಿಕನಿಗೆ ಸಲ್ಲುವ ಭತ್ಯೆಗಳು ಎಂದು ಹೇಳುತ್ತದೆ, ಹೊರಗಿಡುವುದು ಬೋನಸ್ ಮತ್ತು ಓವರ್‌ಟೈಮ್ ವೇತನವನ್ನು ಮಾತ್ರ. ಕಾಯ್ದೆಯನ್ನು ಬದಿಗಿಟ್ಟು ನೋಡಿದರೂ, ಆಗಸ್ಟ್ 22ರಂದು ನಾನು ತಾಯಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಲು ಒಂದು ದಿನ ಗೈರಾದಾಗ ಲೆಕ್ಕಪತ್ರ ವಿಭಾಗ ನನ್ನ ಪಗಾರದಲ್ಲಿ ಪೂರ್ತಿ ₹600 ಕಡಿತ ಮಾಡಿದೆ. ಕಡಿತ ಮಾಡುವಾಗ ನನ್ನ ಒಂದು ದಿನದ ಬೆಲೆ ₹600 ಆಗಿದ್ದರೆ, ಕೊಡುವಾಗ ಅದು ₹440 ಆಗಲು ಹೇಗೆ ಸಾಧ್ಯ?

ಆ ಮೂರು ವೌಚರ್‌ಗಳ ಮೇಲೆ "ಪೂರ್ಣ ಪಾವತಿ" ಎಂದು ಮುದ್ರಿಸಿದ್ದು, ನಾನು ಅದಕ್ಕೆ ಸಹಿ ಮಾಡಿರುವುದು ನಿಜ. ಸಹಿ ಮಾಡದಿದ್ದರೆ ಅಷ್ಟೂ ಸಿಗುತ್ತಿರಲಿಲ್ಲ. 1936ರ ವೇತನ ಪಾವತಿ ಕಾಯ್ದೆಯ 23ನೇ ಕಲಮಿನ ಪ್ರಕಾರ, ಆ ಕಾಯ್ದೆ ಕೊಟ್ಟಿರುವ ಹಕ್ಕನ್ನು ಕಾರ್ಮಿಕನಿಂದ ಬಿಡಿಸಿಕೊಳ್ಳುವ ಒಪ್ಪಂದಕ್ಕೆ ಬೆಲೆ ಇಲ್ಲ. ಆದ್ದರಿಂದ ಪಡೆದ ಹಣವನ್ನು ಒಪ್ಪಿಕೊಂಡು, ಅದನ್ನು ಕಳೆದು ಉಳಿದದ್ದನ್ನು ಕೇಳುತ್ತಿದ್ದೇನೆ.

ಹಾಗೆ ನೋಡಿದರೆ ಮೊದಲ ಮೂರು ತಿಂಗಳ 79 ತಾಸುಗಳಿಗೆ ₹11,850 ಆಗುತ್ತದೆ, ಬಂದಿರುವ ₹4,345 ಕಳೆದರೆ ₹7,505 ಬಾಕಿ. ನಂತರದ ಮೂರು ತಿಂಗಳ 91 ತಾಸುಗಳಿಗೆ ₹13,650 ಪೂರ್ತಿ ಬಾಕಿ. ಎರಡೂ ಸೇರಿ ₹21,155.

ಡಿಸೆಂಬರ್ ತಿಂಗಳ ವೇತನವೇ ಜನವರಿ 7ರೊಳಗೆ ಕೈಸೇರಬೇಕಿತ್ತು. ಸಾವಿರಕ್ಕಿಂತ ಕಡಿಮೆ ಕಾರ್ಮಿಕರಿರುವ ನಮ್ಮಂಥ ಕಾರ್ಖಾನೆಗೆ ವೇತನ ಪಾವತಿ ಕಾಯ್ದೆ ವಿಧಿಸಿರುವ ಗಡುವು ಅದೇ. ಆದ್ದರಿಂದ ಈ ಪತ್ರ ತಲುಪಿದ 15 ದಿನಗಳೊಳಗೆ ₹21,155 ಅನ್ನು ಪ್ರತಿ ತಿಂಗಳು ಪಗಾರ ಜಮಾ ಆಗುವ ನನ್ನ ಬ್ಯಾಂಕ್ ಖಾತೆಗೆ ಜಮಾ ಮಾಡಿ, ತಿಂಗಳುವಾರು ತಾಸು ಮತ್ತು ದರ ತೋರಿಸುವ ಚೀಟಿ ಕೊಡಬೇಕೆಂದು ವಿನಂತಿಸುತ್ತೇನೆ. ಡಿಸೆಂಬರ್‌ನ ಹಾಜರಿ ಪ್ರಿಂಟನ್ನೂ ಕೊಡಬೇಕು. ನನ್ನ ಲೆಕ್ಕದಲ್ಲಿ ಯಾವ ದಿನಾಂಕದ ಬಗ್ಗೆಯಾದರೂ ತಮಗೆ ಸಂಶಯವಿದ್ದರೆ ಆ ದಿನಾಂಕವನ್ನು ಬರಹದಲ್ಲಿ ತಿಳಿಸಬೇಕು. ಪಾಳಿ ಮುಗಿದ ಮೇಲೆ ಯಾವ ದಿನ ಕರೆದರೂ ಟೈಮ್ ಆಫೀಸಿಗೆ ಬಂದು ಮಸ್ಟರ್, ಪ್ರಿಂಟ್ ಮತ್ತು ಲಾಗ್ ಬುಕ್ ಮೂರನ್ನೂ ಮುಂದಿಟ್ಟುಕೊಂಡು ತಾಳೆ ನೋಡಲು ನಾನು ಸಿದ್ಧನಿದ್ದೇನೆ. ವಿವಾದವಿಲ್ಲದ ತಾಸುಗಳ ಹಣವನ್ನು ಅದಕ್ಕಾಗಿ ತಡೆಹಿಡಿಯಬಾರದು.

ಈ ಅವಧಿಯೊಳಗೆ ಪಾವತಿ ಆಗದಿದ್ದರೆ ವೇತನ ಪಾವತಿ ಕಾಯ್ದೆಯ 15ನೇ ಕಲಮಿನಡಿ ಪ್ರಾಧಿಕಾರಿಯ ಮುಂದೆ ಬಾಕಿ ಮತ್ತು ಪರಿಹಾರ ಎರಡನ್ನೂ ಕೋರಿ ಅರ್ಜಿ ಹಾಕುವುದು, ಕಾರ್ಖಾನೆಗಳ ಇನ್‌ಸ್ಪೆಕ್ಟರರಿಗೆ ದೂರು ಕೊಡುವುದು ನನಗೆ ಅನಿವಾರ್ಯವಾಗುತ್ತದೆ. ಬಾಕಿ ಹುಟ್ಟಿದ ದಿನದಿಂದ ಹನ್ನೆರಡು ತಿಂಗಳೊಳಗೆ ಆ ಅರ್ಜಿ ಸಲ್ಲಿಸಬೇಕಿರುವುದರಿಂದ, ಜುಲೈ ತಿಂಗಳ ಬಾಕಿಗೆ 2025ರ ಆಗಸ್ಟ್ ಮೊದಲ ವಾರ ಕೊನೆಯ ಗಡುವು. ಹೀಗಾಗಿ ಇನ್ನು ಹೆಚ್ಚು ಕಾಯಲು ನನಗೆ ಆಗುವುದಿಲ್ಲ. ಹನ್ನೊಂದು ವರ್ಷ ಅನ್ನ ಕೊಟ್ಟ ಜಾಗ ಇದು. ಈ ಲೆಕ್ಕ ಇಲ್ಲಿಯೇ, ತಮ್ಮ ಮೇಜಿನ ಮೇಲೆಯೇ ಮುಗಿಯಲಿ ಎಂಬುದು ನನ್ನ ಮನಃಪೂರ್ವಕ ಆಸೆ.

ಪತ್ರದ ಜೊತೆ ಜುಲೈಯಿಂದ ನವೆಂಬರ್‌ವರೆಗಿನ ಹಾಜರಿ ಪ್ರಿಂಟ್‌ಗಳು, ಡಿಸೆಂಬರ್‌ನ ಓಟಿ ಚೀಟಿಗಳ ನಕಲು, ಆರು ತಿಂಗಳ ಪಗಾರ ಚೀಟಿಗಳು, ಮೂರು ವೌಚರ್‌ಗಳ ನಕಲು, ದಿನವಾರು ಲೆಕ್ಕದ ನಾಲ್ಕು ಹಾಳೆಗಳು ಹಾಗೂ 8 ಜನವರಿಯ ಅರ್ಜಿಯ ಸ್ವೀಕೃತಿ ಪ್ರತಿಯನ್ನು ಲಗತ್ತಿಸಿದ್ದೇನೆ. ಮೂಲ ಪ್ರತಿಗಳು ನನ್ನ ಬಳಿ ಇವೆ. ಈ ಪತ್ರದ ಎರಡನೆಯ ಪ್ರತಿಯ ಮೇಲೆ ದಿನಾಂಕ ಸಹಿತ ಸ್ವೀಕೃತಿ ಮುದ್ರೆ ಹಾಕಿಕೊಡಬೇಕೆಂದು ಕೋರುತ್ತೇನೆ.

ತಮ್ಮ ವಿಶ್ವಾಸಿ,

(ಸಹಿ)
ಬಸವರಾಜ ಶಿವಪ್ಪ
ಟೋಕನ್ ಸಂಖ್ಯೆ 317, ಎರಕ ವಿಭಾಗ